ಗಾಣದ ಅಂಗಡಿಗೊಂದು ಹಬ್ಬದ ವಾರ: ಕ್ಯಾಪ್ಷನ್‌ಗಳನ್ನು ಮೊದಲೇ ಯೋಜಿಸುವ ಬಗೆ

ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಅಥವಾ ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ ಹಾಕುವ ಚಿತ್ರದ ಜೊತೆಗೆ ಬರೆಯುವ ನಾಲ್ಕಾರು ಸಾಲುಗಳೇ ಕ್ಯಾಪ್ಷನ್. ಯಾವ ದಿನ ಯಾವ ಚಿತ್ರ, ಅದರ ಜೊತೆ ಯಾವ ಮಾತು, ಆ ಮಾತು ಯಾತಕ್ಕಾಗಿ ಎಂಬುದನ್ನು ಮುಂಚಿತವಾಗಿ ಬರೆದಿಡುವ ಪಟ್ಟಿಗೆ ಕಂಟೆಂಟ್ ಕ್ಯಾಲೆಂಡರ್ ಎನ್ನುತ್ತಾರೆ. ಸಣ್ಣ ಅಂಗಡಿಗೆ ಇದಕ್ಕೆ ನೋಟ್‌ಬುಕ್ಕಿನ ಒಂದು ಹಾಳೆ ಸಾಕು.

ಪಟ್ಟಿಯಿಲ್ಲದೆ ದಿನದಿನವೂ ಹೊಳೆದಂತೆ ಬರೆಯುವ ಅಂಗಡಿಗಳ ಪುಟಗಳಲ್ಲಿ ಒಂದು ದೋಷ ಮತ್ತೆ ಮತ್ತೆ ಕಾಣುತ್ತದೆ. ಗಿರಾಕಿಗಳ ನಡುವೆ ಸಿಕ್ಕ ಐದು ನಿಮಿಷದಲ್ಲಿ ಬರೆಯುವಾಗ ಮೊದಲು ಬಾಯಿಗೆ ಬರುವುದು ‘ಇಂದೇ ಆರ್ಡರ್ ಮಾಡಿ’ ಎಂಬ ಮಾತು. ಸೋಮವಾರವೂ ಅದೇ, ಗುರುವಾರವೂ ಅದೇ. ಈಗಾಗಲೇ ಎಣ್ಣೆ ಕೊಂಡವರಿಗೆ ಅದರಲ್ಲಿ ಓದುವುದಕ್ಕೆ ಏನೂ ಇರುವುದಿಲ್ಲ. ಇನ್ನೂ ಕೊಳ್ಳದವರಿಗೆ ಕೊಳ್ಳಲು ಕಾರಣ ಸಿಗುವುದಿಲ್ಲ. ಆದ್ದರಿಂದ ಕ್ಯಾಲೆಂಡರಿನಲ್ಲಿ ಮೊದಲು ತುಂಬಬೇಕಾದ ಕಾಲಂ ಉದ್ದೇಶದ್ದು. ಚಿತ್ರವೂ ಮಾತೂ ಆಮೇಲೆ ಬರುತ್ತವೆ.

ಒಂದು ಕ್ಯಾಪ್ಷನ್, ಒಂದು ಕೆಲಸ

ಸಣ್ಣ ವ್ಯಾಪಾರದ ಕ್ಯಾಪ್ಷನ್‌ಗಳ ಉದ್ದೇಶಗಳನ್ನು ಐದಾಗಿ ವಿಂಗಡಿಸಬಹುದು: ಸರಕು ತಯಾರಾಗುವ ಬಗೆಯನ್ನು ತೋರಿಸುವುದು, ಗಿರಾಕಿಯ ಸಂಶಯ ಪರಿಹರಿಸುವುದು, ಗಿರಾಕಿಯನ್ನು ಮಾತಿಗೆ ಎಳೆಯುವುದು, ಕೊಂಡವರ ಅನುಭವವನ್ನು ಮುಂದಿಡುವುದು, ನೇರವಾಗಿ ಮಾರುವುದು. ಇವುಗಳ ಜೊತೆಗೆ ರಜೆ, ಸಮಯ ಬದಲಾವಣೆಯಂಥ ಸೂಚನೆಗಳು ಬೇಕಾದಾಗ ಬರುತ್ತವೆ.

ಪ್ರತಿ ಉದ್ದೇಶವೂ ಓದುಗರಿಂದ ಬೇರೆಯದೇ ಪ್ರತಿಕ್ರಿಯೆಯನ್ನು ಬಯಸುತ್ತದೆ. ಸಂಶಯ ಪರಿಹರಿಸಿದ ಪೋಸ್ಟನ್ನು ಜನ ಸೇವ್ ಮಾಡಿಟ್ಟುಕೊಳ್ಳಬೇಕು ಅಥವಾ ಬೇರೆಯವರಿಗೆ ಕಳಿಸಬೇಕು. ಪ್ರಶ್ನೆ ಕೇಳಿದ್ದಕ್ಕೆ ಕಮೆಂಟ್ ಬರಬೇಕು. ಮಾರಾಟದ ಪೋಸ್ಟಿಗೆ ಆರ್ಡರ್ ಬರಬೇಕು. ಒಂದೇ ಕ್ಯಾಪ್ಷನ್‌ನಲ್ಲಿ ‘ಕಮೆಂಟ್ ಮಾಡಿ, ಶೇರ್ ಮಾಡಿ, ಆರ್ಡರ್ ಮಾಡಿ’ ಎಂದು ಮೂರನ್ನೂ ಕೇಳಿದರೆ ಓದುವವರು ಒಂದನ್ನೂ ಮಾಡದೆ ಮುಂದೆ ಹೋಗುವುದೇ ಹೆಚ್ಚು.

ತಾರೀಖಿನಿಂದ ಹಿಂದಕ್ಕೆ ಎಣಿಸುವುದು

ತುಮಕೂರಿನಂಥ ಊರಿನಲ್ಲಿ ಮರದ ಗಾಣದ ಎಣ್ಣೆ ಮಾರುವ ಒಂದು ಅಂಗಡಿಯನ್ನು ಉದಾಹರಣೆಗೆ ಇಟ್ಟುಕೊಳ್ಳಬಹುದು. ಮಾರುವುದು ಕಡಲೆಕಾಯಿ ಎಣ್ಣೆ, ಕೊಬ್ಬರಿ ಎಣ್ಣೆ, ಎಳ್ಳೆಣ್ಣೆ. ನಡೆಸುವವರು ಗಂಡ ಹೆಂಡತಿ, ಜೊತೆಗೊಬ್ಬ ಸಹಾಯಕ. ನರಕ ಚತುರ್ದಶಿ ಮುಂದಿನ ಸೋಮವಾರ. ಅಂದು ಬೆಳಗಿನ ಜಾವ ಎಣ್ಣೆಸ್ನಾನ. ಹಿಂದಿನ ದಿನ, ಭಾನುವಾರ ಸಂಜೆ, ನೀರು ತುಂಬುವ ಹಬ್ಬ. ಎಳ್ಳೆಣ್ಣೆಗೆ ವರ್ಷದಲ್ಲೇ ಹೆಚ್ಚು ಬೇಡಿಕೆ ಬರುವ ವಾರವಿದು.

ಕ್ಯಾಲೆಂಡರಿನಲ್ಲಿ ಮೊದಲು ಗುರುತಿಸಬೇಕಾದದ್ದು ಬದಲಿಸಲಾಗದ ತಾರೀಖುಗಳು. ಎಣ್ಣೆ ಭಾನುವಾರದೊಳಗೆ ಮನೆ ತಲುಪಬೇಕು. ಬೇರೆ ಊರಿಗೆ ಹೋಗುವ ಕೊರಿಯರ್‌ಗೆ ಎರಡು ಮೂರು ದಿನ ಹಿಡಿಯುವುದರಿಂದ ಗುರುವಾರವೇ ಪಾರ್ಸೆಲ್ ಹೊರಡಬೇಕು. ಹಾಗಾದರೆ ದೂರದ ಆರ್ಡರ್‌ಗಳಿಗೆ ಬುಧವಾರ ಸಂಜೆ ಕೊನೆಯ ಗಡುವು. ಹೊಸದಾಗಿ ತೆಗೆದ ಎಣ್ಣೆಯ ಮಡ್ಡಿ ತಳಕ್ಕೆ ಕೂರಲು ಮೂರು ದಿನ ಬೇಕೆಂದರೆ ಸೋಮವಾರ ಗಾಣ ಆಡಲೇಬೇಕು. ಊರಿನ ಗಿರಾಕಿಗಳು ಮಾತ್ರ ಶನಿವಾರ, ಭಾನುವಾರವೂ ಅಂಗಡಿಗೆ ಬಂದು ಒಯ್ಯಬಹುದು.

ಇಷ್ಟು ಬರೆದುಕೊಂಡ ಕೂಡಲೇ ಮಾರಾಟದ ದಿನಗಳು ತಾವಾಗಿಯೇ ಗೊತ್ತಾಗುತ್ತವೆ. ದೂರದವರಿಗೆ ಮಂಗಳವಾರ, ಊರಿನವರಿಗೆ ಶನಿವಾರ. ಈ ಎರಡು ಮನೆಗಳನ್ನು ತುಂಬಿದ ಮೇಲೆ ಉಳಿದ ಐದು ದಿನಗಳನ್ನು ಬೇರೆ ಉದ್ದೇಶಗಳಿಗೆ ಹಂಚಬೇಕು. ಹಾಳೆಯಲ್ಲಿ ದಿನ, ಉದ್ದೇಶ, ಚಿತ್ರ, ಕ್ಯಾಪ್ಷನ್, ಓದುಗರು ಮಾಡಬೇಕಾದ ಒಂದು ಕೆಲಸ, ಬಂದ ಫಲ ಎಂದು ಆರು ಕಾಲಂ ಎಳೆದರೆ ಸಾಕು. ಕೊನೆಯದು ಈಗ ಖಾಲಿ ಇರುತ್ತದೆ.

ಏಳು ದಿನ

ಸೋಮವಾರದ ಉದ್ದೇಶ ತಯಾರಿಯನ್ನು ತೋರಿಸುವುದು. ಗಾಣ ತಿರುಗುವ ಅರ್ಧ ನಿಮಿಷದ ವಿಡಿಯೋಗೆ ಹೀಗೆ ಬರೆಯಬಹುದು:

“ಹಬ್ಬದ ಎಳ್ಳೆಣ್ಣೆ ಇಂದು ಗಾಣದಿಂದ ಇಳಿಯಿತು. ಇನ್ನು ಮೂರು ದಿನ ಪಾತ್ರೆಯಲ್ಲಿ ಅಲುಗಾಡಿಸದೆ ಬಿಡುತ್ತೇವೆ. ಮಡ್ಡಿ ತಳಕ್ಕೆ ಕೂತ ಮೇಲೆ ಬಟ್ಟೆಯಲ್ಲಿ ಸೋಸಿ ಗುರುವಾರ ಬಾಟಲಿಗೆ ತುಂಬುತ್ತೇವೆ.”

ಇದರಲ್ಲಿ ಬೆಲೆಯಿಲ್ಲ, ಕೊಳ್ಳಿರೆಂಬ ಮಾತಿಲ್ಲ. ಆದರೂ ಎಣ್ಣೆ ಹೊಸದು, ಗುರುವಾರ ಸಿಗುತ್ತದೆ ಎಂಬ ಎರಡು ಸಂಗತಿ ತಲುಪುತ್ತವೆ. ಮರುದಿನದ ಮಾರಾಟಕ್ಕೆ ಇದೇ ಪೀಠಿಕೆ.

ಮಂಗಳವಾರ ಮಾರಾಟ. ಇಲ್ಲಿ ವಿವರ ಪೂರ್ತಿಯಾಗಿರಬೇಕು:

“ಬೇರೆ ಊರಿನವರಿಗೆ ಎಣ್ಣೆಸ್ನಾನದ ಎಳ್ಳೆಣ್ಣೆ: ಬುಧವಾರ ಸಂಜೆ 6ರವರೆಗೆ ಮಾತ್ರ ಆರ್ಡರ್. ಅರ್ಧ ಲೀಟರ್ 260 ರೂಪಾಯಿ, ಕೊರಿಯರ್ ಬೇರೆ. ಗುರುವಾರ ಪಾರ್ಸೆಲ್ ಹೊರಡುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ‘ಹಬ್ಬ’ ಎಂದು ಬರೆದು ಕಳಿಸಿ.”

ಬೆಲೆ ಬರೆಯದೆ ‘ಬೆಲೆಗೆ ಮೆಸೇಜ್ ಮಾಡಿ’ ಎಂದರೆ ಅಂಗಡಿಯವರ ದಿನವೆಲ್ಲ ಬೆಲೆ ಹೇಳುವುದರಲ್ಲೇ ಕಳೆಯುತ್ತದೆ. ಕೇಳಲು ಹಿಂಜರಿಯುವವರು ಕೈಬಿಟ್ಟುಹೋಗುತ್ತಾರೆ. ‘ಹಬ್ಬ’ ಎಂಬ ಗುರುತಿನ ಪದದಿಂದ ಈ ಪೋಸ್ಟ್ ಎಷ್ಟು ಆರ್ಡರ್ ತಂದಿತೆಂದು ಎಣಿಸಬಹುದು. ಇನ್‌ಸ್ಟಾಗ್ರಾಂನಲ್ಲಿ ಮಾಮೂಲಿ ಪೋಸ್ಟಿನ ಕ್ಯಾಪ್ಷನ್ ಒಳಗೆ ಲಿಂಕ್ ಅಂಟಿಸಿದರೆ ಅದನ್ನು ಒತ್ತಿ ತೆರೆಯಲು ಬರುವುದಿಲ್ಲ. ಆದ್ದರಿಂದ ವಾಟ್ಸ್‌ಆ್ಯಪ್ ಲಿಂಕನ್ನು ಪ್ರೊಫೈಲಿನಲ್ಲಿ ಇಡಬೇಕು.

ಬುಧವಾರ ಸಂಶಯ ಪರಿಹಾರ. ಇದಕ್ಕೆ ವಿಷಯ ಹುಡುಕಿಕೊಂಡು ಹೋಗಬೇಕಿಲ್ಲ. ಅಂಗಡಿಯ ಕಟ್ಟೆಯ ಮೇಲೆ ಗಿರಾಕಿಗಳು ಕೇಳುವ ಪ್ರಶ್ನೆಗಳನ್ನು ಬರೆದಿಟ್ಟುಕೊಂಡರೆ ಹಲವು ವಾರಗಳಿಗೆ ಆಗುತ್ತವೆ. ಚಳಿ ಶುರುವಾಗುವ ಈ ಕಾಲದಲ್ಲಿ ಬರುವ ದೂರು ಒಂದಿದೆ: ಕೊಬ್ಬರಿ ಎಣ್ಣೆ ಗಟ್ಟಿಯಾಗಿದೆ.

“ಬೆಳಿಗ್ಗೆ ಕೊಬ್ಬರಿ ಎಣ್ಣೆ ಬೆಣ್ಣೆಯಂತೆ ಗಟ್ಟಿಯಾಗಿತ್ತೆ? ಎಣ್ಣೆ ಕೆಟ್ಟಿಲ್ಲ. ಸುಮಾರು 24 ಡಿಗ್ರಿಗಿಂತ ಕೆಳಗೆ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುವುದು ಅದರ ಸ್ವಭಾವ. ಬಾಟಲಿಯನ್ನು ಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಇಡಿ, ಮತ್ತೆ ತಿಳಿಯಾಗುತ್ತದೆ. ಚಳಿಗಾಲಕ್ಕೆ ಈ ಪೋಸ್ಟ್ ಸೇವ್ ಮಾಡಿಟ್ಟುಕೊಳ್ಳಿ.”

ಕೊರಿಯರ್ ಗಡುವಿನ ನೆನಪೋಲೆ ಇದೇ ದಿನ ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ ಹೋಗಬೇಕು. ಸ್ಟೇಟಸ್ 24 ಗಂಟೆಯಲ್ಲಿ ಅಳಿಯುವುದರಿಂದ ಗಡುವು ಮುಗಿದ ಮೇಲೆ ಅದು ಉಳಿದು ಜನರನ್ನು ದಾರಿ ತಪ್ಪಿಸುವುದಿಲ್ಲ. ಒಂದು ದಿನದ ಸುದ್ದಿ ಸ್ಟೇಟಸ್‌ಗೆ, ತಿಂಗಳ ಮೇಲೂ ಉಪಯೋಗಕ್ಕೆ ಬರುವುದು ಪೋಸ್ಟ್‌ಗೆ ಎಂಬುದು ಒಳ್ಳೆಯ ಹಂಚಿಕೆ.

ಗುರುವಾರ ಮಾತುಕತೆ. ಪ್ರಶ್ನೆ ಸರಕಿನ ಬಗ್ಗೆಯೇ ಇರಬೇಕಿಲ್ಲ, ಆದರೆ ಒಂದೇ ಸಾಲಿನಲ್ಲಿ ಉತ್ತರಿಸುವಂತಿರಬೇಕು:

“ನೀರು ತುಂಬುವ ಹಬ್ಬಕ್ಕೆ ನಿಮ್ಮ ಮನೆಯಲ್ಲಿ ಹಂಡೆ ಅಟ್ಟದಿಂದ ಇಳಿಯುತ್ತದೆಯೇ, ಇಲ್ಲ ಗೀಸರ್‌ಗೇ ಹೂವಿನ ಹಾರವೇ?”

‘ನಮ್ಮ ಎಣ್ಣೆ ನಿಮಗೇಕೆ ಇಷ್ಟ?’ ಎಂಬಂಥ ಪ್ರಶ್ನೆಗೆ ಜನ ಉತ್ತರಿಸಲು ಸಂಕೋಚಪಡುತ್ತಾರೆ, ಏಕೆಂದರೆ ಅದು ಹೊಗಳಿಕೆಯನ್ನು ಕೇಳಿ ಪಡೆದಂತೆ. ಹಂಡೆಯ ಪ್ರಶ್ನೆಗೆ ಪ್ರತಿ ಮನೆಯಲ್ಲೂ ಒಂದು ಉತ್ತರವಿದೆ. ಬಂದ ಕಮೆಂಟ್‌ಗಳಿಗೆ ಅಂದೇ ಉತ್ತರ ಕೊಡಬೇಕು. ಅದಕ್ಕೆ ಬೇಕಾದ ಇಪ್ಪತ್ತು ನಿಮಿಷವನ್ನೂ ಕ್ಯಾಲೆಂಡರಿನಲ್ಲಿ ಬರೆದಿಡಬೇಕು.

ಶುಕ್ರವಾರ ಕೊಂಡವರ ಅನುಭವ. ಗಿರಾಕಿಯೊಬ್ಬರು ಕಳಿಸಿದ ಮೆಸೇಜನ್ನು ಅವರ ಒಪ್ಪಿಗೆ ಕೇಳಿ, ಹೆಸರು ಮತ್ತು ನಂಬರ್ ತೆಗೆದು ಹಾಕಬೇಕು. ‘ತುಂಬಾ ಚೆನ್ನಾಗಿದೆ’ ಎಂಬುದಕ್ಕಿಂತ ‘ಈ ಎಣ್ಣೆಯಲ್ಲಿ ಚಕ್ಕುಲಿ ಕರಿದೆವು, ನಾಲ್ಕು ದಿನವಾದರೂ ಕಮಟು ವಾಸನೆ ಬಂದಿಲ್ಲ’ ಎಂಬಂಥ ನಿರ್ದಿಷ್ಟ ಮಾತನ್ನು ಆರಿಸಬೇಕು. ಅಂಗಡಿಯವರ ಮಾತು ಒಂದೇ ಸಾಲಿದ್ದರೆ ಸಾಕು.

ಶನಿವಾರ ಎರಡನೆಯ ಮಾರಾಟ, ಊರಿನವರಿಗೆ. ಎಷ್ಟು ಬಾಟಲಿ ಉಳಿದಿದೆ, ಅಂಗಡಿ ರಾತ್ರಿ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ, ಯಾವ ಗುರುತಿನ ಪಕ್ಕದಲ್ಲಿದೆ ಎಂಬುದಷ್ಟೇ ಸಾಕು. ಭಾನುವಾರ ಶುಭಾಶಯ, ಜೊತೆಗೆ ಸೂಚನೆ: “ನಾಳೆ ರಜೆ. ಮಂಗಳವಾರ ಸಂಜೆ ಅಂಗಡಿ ಪೂಜೆ. ಗುರುವಾರದಿಂದ ಎಂದಿನಂತೆ ವ್ಯಾಪಾರ.” ಶುಭಾಶಯದ ಕೆಳಗೆ ರಿಯಾಯಿತಿಯ ಮಾತು ಸೇರಿಸಿದರೆ ಅದೂ ಜಾಹೀರಾತಾಗಿಯೇ ಕಾಣುತ್ತದೆ.

ಏಳು ಪೋಸ್ಟಿಗೆ ಕೈ ಸಾಲದಿದ್ದರೆ ಮಂಗಳವಾರ, ಬುಧವಾರ, ಗುರುವಾರ, ಶನಿವಾರದ ನಾಲ್ಕನ್ನು ಉಳಿಸಿಕೊಂಡು ರಜೆಯ ಸೂಚನೆಯನ್ನು ಸ್ಟೇಟಸ್‌ನಲ್ಲಿ ಹಾಕಬಹುದು. ಸಂಖ್ಯೆ ಇಳಿದರೂ ಉದ್ದೇಶಗಳು ಬೇರೆ ಬೇರೆಯಾಗಿ ಉಳಿಯುತ್ತವೆ.

ಬರೆಯುವಾಗ

ಇನ್‌ಸ್ಟಾಗ್ರಾಂ ಕ್ಯಾಪ್ಷನ್‌ನಲ್ಲಿ 2,200 ಅಕ್ಷರಗಳವರೆಗೆ ಅವಕಾಶವಿದೆ. ಆದರೆ ಪರದೆಯ ಮೇಲೆ ಮೊದಲು ಕಾಣುವುದು ಒಂದೆರಡು ಸಾಲು ಮಾತ್ರ. ಉಳಿದದ್ದು ಒತ್ತಿದರೆ ತೆರೆಯುತ್ತದೆ. ‘ನಮ್ಮ ಪ್ರೀತಿಯ ಗ್ರಾಹಕರೇ, ಎಲ್ಲರಿಗೂ ನಮಸ್ಕಾರ’ ಎಂದು ಆರಂಭಿಸಿದರೆ ಆ ಜಾಗ ಅಲ್ಲಿಗೇ ಮುಗಿಯಿತು. ಮೇಲಿನ ಉದಾಹರಣೆಗಳಲ್ಲಿ ಗಡುವು, ಗಟ್ಟಿಯಾದ ಎಣ್ಣೆ, ಹಂಡೆ ಎಲ್ಲವೂ ಮೊದಲ ಸಾಲಿನಲ್ಲೇ ಇರುವುದು ಇದೇ ಕಾರಣಕ್ಕೆ.

ಏಳನ್ನೂ ಒಂದೇ ಕೂತಲ್ಲಿ, ಹಿಂದಿನ ಶನಿವಾರವೋ ಭಾನುವಾರವೋ ಬರೆದರೆ ಒಂದು ಲಾಭವಿದೆ. ಒಂದರ ಕೆಳಗೆ ಒಂದನ್ನು ಓದಿದಾಗ ಮೂರು ಕ್ಯಾಪ್ಷನ್ ‘ಶುದ್ಧ’ ಎಂಬ ಪದದಿಂದಲೇ ಆರಂಭವಾಗಿದ್ದರೆ ಕಣ್ಣಿಗೆ ಬೀಳುತ್ತದೆ. ಬರೆದದ್ದನ್ನು ಮೆಟಾ ಬಿಸಿನೆಸ್ ಸೂಟ್‌ನಲ್ಲಿ ದಿನ, ವೇಳೆ ಕೊಟ್ಟು ಶೆಡ್ಯೂಲ್ ಮಾಡಬಹುದು.

ಎಲ್ಲಿ ತಪ್ಪುತ್ತದೆ

ಶೆಡ್ಯೂಲ್ ಮಾಡಿದ ಪೋಸ್ಟಿಗೆ ಅಂಗಡಿಯ ಸ್ಥಿತಿ ಗೊತ್ತಿರುವುದಿಲ್ಲ. ಶುಕ್ರವಾರವೇ ಎಳ್ಳೆಣ್ಣೆ ಮುಗಿದರೂ ಶನಿವಾರದ ಪೋಸ್ಟ್ ತನ್ನಷ್ಟಕ್ಕೆ ಹೋಗಿ ಜನರನ್ನು ಕರೆದು ಬರಿಗೈಯಲ್ಲಿ ಕಳಿಸುತ್ತದೆ. ಆದ್ದರಿಂದ ಮಾರಾಟದ ಎರಡು ಪೋಸ್ಟ್‌ಗಳನ್ನು ಬರೆದಿಟ್ಟುಕೊಂಡರೂ ಅಂದಿನ ದಾಸ್ತಾನು ನೋಡಿ ಕೈಯಾರೆ ಹಾಕುವುದು ಲೇಸು. ಊರಿನಲ್ಲಿ ಸಾವು ಅಥವಾ ಅನಾಹುತ ಸಂಭವಿಸಿದ ದಿನ ಸಂಭ್ರಮದ ಪೋಸ್ಟನ್ನು ತಡೆಹಿಡಿಯುವ ಹೊಣೆ ಯಾರದೆಂದೂ ಮೊದಲೇ ಗೊತ್ತುಮಾಡಿರಬೇಕು.

ಎರಡನೆಯದು ಅತಿಯಾದ ಮಾತು. ‘ಈ ಎಣ್ಣೆ ಮಂಡಿನೋವು ವಾಸಿಮಾಡುತ್ತದೆ, ಸಕ್ಕರೆ ಕಾಯಿಲೆ ತಡೆಯುತ್ತದೆ’ ಎಂಬ ಸಾಲುಗಳು ಸುಲಭವಾಗಿ ಕ್ಯಾಪ್ಷನ್‌ಗೆ ನುಸುಳುತ್ತವೆ. ಆಹಾರ ಪದಾರ್ಥ ಕಾಯಿಲೆಯನ್ನು ತಡೆಯುತ್ತದೆ ಅಥವಾ ವಾಸಿಮಾಡುತ್ತದೆ ಎಂದು ಹೇಳುವುದನ್ನು ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಜಾಹೀರಾತು ನಿಯಮಗಳು ನಿಷೇಧಿಸುತ್ತವೆ. ಗಿರಾಕಿಯ ಮೆಸೇಜ್‌ನಲ್ಲಿ ಅಂಥ ಮಾತಿದ್ದರೆ ಅದನ್ನು ಹಾಕದಿರುವುದೇ ಸರಿ. ಗಾಣ ಹೇಗೆ ಆಡಿತು, ಎಣ್ಣೆ ಎಷ್ಟು ದಿನ ಕೂತಿತು, ಯಾವ ತಾರೀಖು ಬಾಟಲಿ ತುಂಬಿತು ಎಂಬುದನ್ನು ಹೇಳುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ಕೊನೆಯ ಕಾಲಂ

ವಾರ ಕಳೆದ ಮೇಲೆ ಖಾಲಿ ಇದ್ದ ಕಾಲಂ ತುಂಬಬೇಕು. ಪ್ರತಿ ಪೋಸ್ಟನ್ನೂ ಅದರ ಉದ್ದೇಶದಿಂದಲೇ ಅಳೆಯಬೇಕು: ಮಂಗಳವಾರಕ್ಕೆ ‘ಹಬ್ಬ’ ಎಂದು ಬಂದ ಮೆಸೇಜ್‌ಗಳು, ಬುಧವಾರಕ್ಕೆ ಸೇವ್ ಮತ್ತು ಶೇರ್, ಗುರುವಾರಕ್ಕೆ ಕಮೆಂಟ್. ಶನಿವಾರದ್ದನ್ನು ತಿಳಿಯಲು ಬಿಲ್ ಮಾಡುವಾಗ ‘ಎಲ್ಲಿ ನೋಡಿ ಬಂದಿರಿ?’ ಎಂದು ಕೇಳಿ ಗೀಟು ಹಾಕಿಕೊಳ್ಳಬಹುದು. ಹಂಡೆಯ ಪ್ರಶ್ನೆಗೆ ನಲವತ್ತು ಕಮೆಂಟ್ ಬಂದು ಒಂದೂ ಆರ್ಡರ್ ಬರದಿದ್ದರೆ ಅದು ಸೋಲಲ್ಲ; ಮಾರಾಟದ ಪೋಸ್ಟಿಗೆ ಇನ್ನೂರು ಲೈಕ್ ಬಂದು ಆರ್ಡರ್ ಬರದಿದ್ದರೆ ಅದು ಸೋಲು. ಹಬ್ಬದ ವಾರದ ಆರ್ಡರ್ ಸಂಖ್ಯೆಯನ್ನು ಮಾಮೂಲಿ ವಾರದ ಜೊತೆ ಹೋಲಿಸುವಂತಿಲ್ಲ, ಏಕೆಂದರೆ ಬೇಡಿಕೆಯೇ ಬೇರೆ. ಸೇವ್ ಮತ್ತು ಕಮೆಂಟ್‌ಗಳ ವಿಷಯದಲ್ಲೂ ಒಂದು ವಾರ ನೋಡಿ ತೀರ್ಮಾನಿಸಬಾರದು. ಅದೇ ಉದ್ದೇಶದ ಪೋಸ್ಟ್‌ಗಳನ್ನು ನಾಲ್ಕು ವಾರ ಪಕ್ಕಪಕ್ಕ ಇಟ್ಟಾಗ ಯಾವ ಬಗೆಯ ಮಾತಿಗೆ ಗಿರಾಕಿಗಳು ಸ್ಪಂದಿಸುತ್ತಾರೆಂದು ತಿಳಿಯುತ್ತದೆ, ಮುಂದಿನ ತಿಂಗಳ ಹಾಳೆಯಲ್ಲಿ ಆ ಬಗೆಗೆ ಇನ್ನೊಂದು ದಿನ ಕೊಡಬಹುದು.