ಕರ್ತೃವಿಲ್ಲದ ಕೃತ್ಯ: ಕಾಲಯಾನದ ಚಲನಚಿತ್ರಗಳಲ್ಲಿ ವಿರೋಧಾಭಾಸದ ನಿರ್ವಹಣೆ

ಭಾಗವತದಲ್ಲಿ ಕಕುದ್ಮಿ ಎಂಬ ರಾಜನ ಕಥೆ ಬರುತ್ತದೆ. ಮಗಳು ರೇವತಿಗೆ ತಕ್ಕ ವರನನ್ನು ಕೇಳಲೆಂದು ಅವನು ಅವಳೊಡನೆ ಬ್ರಹ್ಮಲೋಕಕ್ಕೆ ಹೋಗುತ್ತಾನೆ. ಅಲ್ಲಿ ನಡೆಯುತ್ತಿದ್ದ ಗಾನ ಮುಗಿಯುವವರೆಗೆ ಕಾದು ನಿಂತು, ಬಳಿಕ ತನ್ನ ಮನಸ್ಸಿನಲ್ಲಿದ್ದ ವರರ ಹೆಸರುಗಳನ್ನು ಅರಿಕೆ ಮಾಡುತ್ತಾನೆ. ಬ್ರಹ್ಮನು ನಕ್ಕು, ಅಷ್ಟರಲ್ಲಿ ಭೂಲೋಕದಲ್ಲಿ 27 ಚತುರ್ಯುಗಗಳು ಕಳೆದುಹೋದವೆಂದೂ, ಆ ವರರಾಗಲಿ ಅವರ ಮೊಮ್ಮಕ್ಕಳಾಗಲಿ ಈಗ ಇಲ್ಲವೆಂದೂ ತಿಳಿಸುತ್ತಾನೆ. ಕೊನೆಗೆ ರೇವತಿಯು ಬಲರಾಮನ ಕೈಹಿಡಿಯುತ್ತಾಳೆ.

ಈ ಕಥೆಯಲ್ಲಿ ವಿಸ್ಮಯವಿದೆ, ವಿಷಾದವಿದೆ. ಆದರೆ ತಾರ್ಕಿಕವಾದ ತೊಡಕು ಯಾವುದೂ ಇಲ್ಲ. ಕಕುದ್ಮಿ ಹೋದದ್ದು ಮುಂದಿನ ಕಾಲಕ್ಕೆ. ಮುಂದಕ್ಕೆ ಹೋದವನು ಏನನ್ನಾದರೂ ಕಳೆದುಕೊಳ್ಳಬಹುದೇ ಹೊರತು, ಆಗಿಹೋದದ್ದನ್ನು ಕೆಡಿಸಲಾರ. ತೊಡಕು ಹುಟ್ಟುವುದು ಕಥಾಪಾತ್ರವು ಹಿಂದಕ್ಕೆ ಹೋದಾಗ. ಒಬ್ಬನು ಭೂತಕಾಲಕ್ಕೆ ಹೋಗಿ, ತನ್ನ ತಂದೆ ಇನ್ನೂ ಹುಟ್ಟದಿರುವಾಗಲೇ ಅಜ್ಜನನ್ನು ಕೊಂದನೆಂದು ಭಾವಿಸೋಣ. ಆಗ ತಂದೆ ಹುಟ್ಟಲಿಲ್ಲ, ಕೊಂದವನೂ ಹುಟ್ಟಲಿಲ್ಲ. ಕೊಂದವನೇ ಇಲ್ಲವಾದರೆ ಅಜ್ಜ ಬದುಕಿದ. ಅಜ್ಜ ಬದುಕಿದರೆ ಕೊಲ್ಲುವವನು ಹುಟ್ಟಿದ. ಇದಕ್ಕೆ ‘ಅಜ್ಜನ ವಿರೋಧಾಭಾಸ’ ಎಂಬ ಹೆಸರು ರೂಢಿಯಲ್ಲಿದೆ. ಹಿಂದಕ್ಕೆ ಹೋಗುವ ಕಥೆಯನ್ನು ಹೇಳುವ ಪ್ರತಿಯೊಂದು ಚಿತ್ರವೂ, ಕೊಲೆಯ ಮಾತನ್ನೇ ಎತ್ತದಿದ್ದರೂ, ಈ ಪ್ರಶ್ನೆಗೆ ಉತ್ತರ ಕೊಡಲೇಬೇಕಾಗುತ್ತದೆ. ಆ ಉತ್ತರಗಳು ಮುಖ್ಯವಾಗಿ ಮೂರು ಬಗೆ.

ಮೂರು ಉತ್ತರಗಳು

ಮೊದಲನೆಯದು, ಭೂತಕಾಲವು ಬದಲಾಗುತ್ತದೆ ಎಂಬ ಉತ್ತರ. ರಾಬರ್ಟ್ ಜೆಮೆಕಿಸ್ ನಿರ್ದೇಶನದ ‘ಬ್ಯಾಕ್ ಟು ದ ಫ್ಯೂಚರ್’ (1985) ಇದಕ್ಕೆ ಪ್ರಸಿದ್ಧ ನಿದರ್ಶನ. ಮಾರ್ಟಿ ಎಂಬ ಹುಡುಗ 1985ರಿಂದ 1955ಕ್ಕೆ ಹೋಗಿ, ತನ್ನ ತಂದೆತಾಯಿಯರ ಪ್ರಥಮ ಭೇಟಿಗೆ ಅರಿಯದೆ ಅಡ್ಡಬರುತ್ತಾನೆ. ಅವನ ಬಳಿಯಿರುವ ಭಾವಚಿತ್ರದಲ್ಲಿ ಮೊದಲು ಅಣ್ಣ, ಬಳಿಕ ಅಕ್ಕ, ಕೊನೆಗೆ ತಾನೇ ಮಸುಕಾಗತೊಡಗುತ್ತಾರೆ. ತರ್ಕದ ದೃಷ್ಟಿಯಿಂದ ಇದು ದುರ್ಬಲ. ತಂದೆತಾಯಿಯರ ಮದುವೆಯೇ ತಪ್ಪಿದರೆ ಮೂವರೂ ಒಮ್ಮೆಗೇ ಇಲ್ಲವಾಗಬೇಕಲ್ಲದೆ, ಹಿರಿಯರಿಂದ ಕಿರಿಯರಿಗೆ ಸರದಿಯ ಮೇಲೆ ಅಳಿಸಿಹೋಗಲು ಕಾರಣವಿಲ್ಲ. ಆದರೆ ಕಥೆಗೆ ಈ ವಿಳಂಬ ಬೇಕು. ತಪ್ಪನ್ನು ತಿದ್ದಿಕೊಳ್ಳಲು ನಾಯಕನಿಗೆ ಅವಕಾಶ ಸಿಗುವುದು ಅದರಿಂದಲೇ. ಹಾಗೆಂದು ಈ ಚಿತ್ರ ಅಜಾಗರೂಕವಾದುದಲ್ಲ. ಆರಂಭದಲ್ಲಿ ‘ಟ್ವಿನ್ ಪೈನ್ಸ್’ ಎಂದಿದ್ದ ಅಂಗಡಿ ಸಂಕೀರ್ಣದ ಹೆಸರು ಕೊನೆಯಲ್ಲಿ ‘ಲೋನ್ ಪೈನ್’ ಆಗಿರುತ್ತದೆ. 1955ರಲ್ಲಿ ಮಾರ್ಟಿ ತನ್ನ ವಾಹನದಿಂದ ಎರಡು ಪೈನ್ ಮರಗಳಲ್ಲಿ ಒಂದನ್ನು ಕೆಡವಿದ್ದ!

ಎರಡನೆಯದು, ಕಾಲವು ಕವಲೊಡೆಯುತ್ತದೆ ಎಂಬ ಉತ್ತರ. ಅಜ್ಜನು ಸತ್ತದ್ದು ಒಂದು ಲೋಕದಲ್ಲಿ, ಮೊಮ್ಮಗ ಬಂದದ್ದು ಇನ್ನೊಂದರಿಂದ, ಆದ್ದರಿಂದ ವಿರೋಧವಿಲ್ಲ. ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಮರಾಠಿಯನ್ನೂ ಬಲ್ಲವರಾದ್ದರಿಂದ, ಚಲನಚಿತ್ರಕ್ಕಿಂತ ಮೊದಲು ಖಗೋಳ ವಿಜ್ಞಾನಿ ಜಯಂತ ನಾರಳೀಕರರ ಒಂದು ಕಥೆಯನ್ನು ನೆನೆಯಬಹುದು. ಅದರಲ್ಲಿ ಇತಿಹಾಸದ ಪ್ರಾಧ್ಯಾಪಕ ಗಂಗಾಧರಪಂತರು, 1761ರ ಪಾಣಿಪತ್ ಯುದ್ಧವನ್ನು ಮರಾಠರು ಗೆದ್ದಿದ್ದ ಬೇರೊಂದು ಲೋಕಕ್ಕೆ ಸರಿದುಬಿಡುತ್ತಾರೆ. ವಿಶ್ವಾಸರಾಯನಿಗೆ ತಗುಲಬೇಕಾಗಿದ್ದ ಗುಂಡು ಅಲ್ಲಿ ತಗುಲಿರುವುದಿಲ್ಲ. ಕವಲು ಒಡೆದದ್ದು ಆ ಒಂದು ಗುಂಡಿನಲ್ಲಿ. ಈ ಉತ್ತರ ತರ್ಕಕ್ಕೆ ಸುಲಭವಾದುದು. ಆದರೆ ಇದಕ್ಕೊಂದು ಬೆಲೆಯಿದೆ. ಕವಲಿನ ಲೋಕದಲ್ಲಿ ನೀವು ಯಾರನ್ನು ಉಳಿಸಿದರೂ, ನೀವು ಬಿಟ್ಟುಬಂದ ಲೋಕದಲ್ಲಿ ಅವರು ಸತ್ತೇ ಇರುತ್ತಾರೆ.

ಮೂರನೆಯದು ಅತ್ಯಂತ ಕಠಿಣವಾದ ಉತ್ತರ: ಏನೂ ಬದಲಾಗುವುದಿಲ್ಲ. ಕಾಲಯಾನಿಯು ಹಿಂದಕ್ಕೆ ಹೋಗಿ ಮಾಡಿದ್ದೆಲ್ಲವೂ ಆ ಭೂತಕಾಲದಲ್ಲಿ ಮೊದಲಿನಿಂದಲೂ ಇದ್ದದ್ದೇ. ಅಮೆರಿಕದ ತತ್ತ್ವಜ್ಞಾನಿ ಡೇವಿಡ್ ಲೂಯಿಸ್ 1976ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಈ ನಿಲುವನ್ನು ಸ್ಪಷ್ಟವಾಗಿ ಮಂಡಿಸಿದರು. ಬಂದೂಕು ಕೈಯಲ್ಲಿದೆ, ಗುರಿ ಎದುರಿಗಿದೆ ಎಂಬ ಅರ್ಥದಲ್ಲಿ ಮೊಮ್ಮಗ ಅಜ್ಜನನ್ನು ಕೊಲ್ಲಬಲ್ಲ. ಆದರೆ ಅಜ್ಜ ಬದುಕಿದ್ದನೆಂಬುದು ಆಗಿಹೋದ ಸಂಗತಿಯಾದ್ದರಿಂದ ಅವನು ಕೊಂದಿಲ್ಲ. ಅವನನ್ನು ಯಾವ ದೈವಶಕ್ತಿಯೂ ತಡೆಯಬೇಕಾಗಿಲ್ಲ. ಕಾಲು ಜಾರಿರುತ್ತದೆ, ಬಂದೂಕು ಕೆಟ್ಟಿರುತ್ತದೆ, ಇಲ್ಲವೆ ಕಡೆಯ ಗಳಿಗೆಯಲ್ಲಿ ಮನಸ್ಸು ಕರಗಿರುತ್ತದೆ, ಅಷ್ಟೆ.

ಈ ಮೂರನೆಯ ಬಗೆಯ ಒಂದು ಚಿತ್ರವನ್ನು ಕೊಂಚ ವಿವರವಾಗಿ ನೋಡೋಣ.

ಒಂದು ಗಂಟೆಯ ಉಂಗುರ

ನಾಚೋ ವಿಗಲೋಂಡೋ ನಿರ್ದೇಶಿಸಿದ ‘ಟೈಮ್‌ಕ್ರೈಮ್ಸ್’ (2007) ಸ್ಪ್ಯಾನಿಷ್ ಭಾಷೆಯ ಚಿತ್ರ. ಮುಖ್ಯ ಪಾತ್ರಗಳು ನಾಲ್ಕೇ; ಕಥೆ ನಡೆಯುವುದು ಒಂದು ಮನೆ, ಒಂದು ಕಾಡು, ಒಂದು ಪ್ರಯೋಗಾಲಯದಲ್ಲಿ; ಹಿಂದಕ್ಕೆ ಹೋಗುವ ದೂರ ಸುಮಾರು ಒಂದು ಗಂಟೆ. ಮುಂದಿನ ನಾಲ್ಕು ಪರಿಚ್ಛೇದಗಳಲ್ಲಿ ಚಿತ್ರದ ಪೂರ್ವಾರ್ಧದ ಗುಟ್ಟು ಬಯಲಾಗುತ್ತದೆ. ಕುತೂಹಲವನ್ನು ಉಳಿಸಿಕೊಳ್ಳಬಯಸುವವರು ಚಿತ್ರವನ್ನು ನೋಡಿದ ಮೇಲೆ ಅವನ್ನು ಓದಬಹುದು.

ಹೆಕ್ಟರ್ ಎಂಬ ನಡುವಯಸ್ಸಿನ ಗೃಹಸ್ಥ ಮನೆಯ ಹುಲ್ಲುಹಾಸಿನ ಮೇಲೆ ಕುಳಿತು ದುರ್ಬೀನಿನಿಂದ ಕಾಡನ್ನು ನೋಡುತ್ತಿರುತ್ತಾನೆ. ಮರಗಳ ನಡುವೆ ಒಬ್ಬ ಯುವತಿ ಬಟ್ಟೆ ಕಳಚುತ್ತಿರುವುದು ಕಾಣುತ್ತದೆ. ಕುತೂಹಲದಿಂದ ಹೋಗಿ ನೋಡಿದರೆ ಅವಳು ಪ್ರಜ್ಞೆಯಿಲ್ಲದೆ ಬಿದ್ದಿದ್ದಾಳೆ. ಅಷ್ಟರಲ್ಲಿ ತಲೆಗೆಲ್ಲ ಗುಲಾಬಿ ಬಣ್ಣದ ಪಟ್ಟಿ ಸುತ್ತಿಕೊಂಡ ಒಬ್ಬನು ಕತ್ತರಿಯಿಂದ ಅವನ ತೋಳಿಗೆ ಇರಿಯುತ್ತಾನೆ. ಹೆಕ್ಟರ್ ಓಡಿ ಪ್ರಯೋಗಾಲಯವೊಂದನ್ನು ಹೊಗುತ್ತಾನೆ, ತೋಳಿಗೆ ಪಟ್ಟಿ ಕಟ್ಟಿಕೊಳ್ಳುತ್ತಾನೆ. ಅಲ್ಲಿದ್ದ ಯುವ ವಿಜ್ಞಾನಿಯ ಮಾತಿನಂತೆ ಒಂದು ತೊಟ್ಟಿಯಂಥ ಯಂತ್ರದಲ್ಲಿ ಅಡಗುತ್ತಾನೆ. ಹೊರಬರುವಾಗ ಹೊತ್ತು ಒಂದು ಗಂಟೆ ಹಿಂದಿರುತ್ತದೆ. ದೂರದ ಮನೆಯ ಅಂಗಳದಲ್ಲಿ ಇನ್ನೊಬ್ಬ ಹೆಕ್ಟರ್ ಇದ್ದಾನೆ.

ಈ ಎರಡನೆಯ ಹೆಕ್ಟರ್ ಕಾರಿನಲ್ಲಿ ಹೋಗುವಾಗ ಬೇರೊಂದು ವಾಹನ ಡಿಕ್ಕಿ ಹೊಡೆದು ತಲೆಗೆ ಗಾಯವಾಗುತ್ತದೆ. ತೋಳಿನ ಪಟ್ಟಿಯನ್ನು ಬಿಚ್ಚಿ ತಲೆಗೆ ಸುತ್ತಿಕೊಳ್ಳುತ್ತಾನೆ. ರಕ್ತ ಹತ್ತಿ ಅದು ಗುಲಾಬಿ ಬಣ್ಣ ತಳೆದಿರುತ್ತದೆ. ಕನ್ನಡಿಯಲ್ಲಿ ನೋಡಿಕೊಂಡಾಗ, ತನ್ನನ್ನು ಇರಿದವನು ತಾನೇ ಎಂದು ಅವನಿಗೆ ಹೊಳೆಯುತ್ತದೆ. ನೆರವಿಗೆಂದು ಸೈಕಲ್ ನಿಲ್ಲಿಸಿದ ಯುವತಿಯೊಬ್ಬಳನ್ನು ಅವನು ಕತ್ತರಿ ತೋರಿಸಿ ಬೆದರಿಸುತ್ತಾನೆ, ಕಾಡಿಗೆ ಕರೆದೊಯ್ದು ಬಟ್ಟೆ ಕಳಚುವಂತೆ ಬಲವಂತಪಡಿಸುತ್ತಾನೆ. ಏಕೆ? ಮೊದಲನೆಯ ಹೆಕ್ಟರ್ ಅವಳನ್ನು ಕಂಡು ಕಾಡಿಗೆ ಬರಬೇಕು, ಇರಿತಕ್ಕೆ ಒಳಗಾಗಬೇಕು, ಯಂತ್ರವನ್ನು ಹೊಗಬೇಕು. ಹಾಗಾಗದಿದ್ದರೆ ಲೋಕದಲ್ಲಿ ಇಬ್ಬರು ಹೆಕ್ಟರರು ಉಳಿದುಬಿಡುತ್ತಾರೆ, ತನ್ನ ಮನೆಯಲ್ಲಿ ತನಗೇ ಜಾಗವಿರುವುದಿಲ್ಲ.

ಈಗ ಒಂದು ಪ್ರಶ್ನೆಯನ್ನು ಕೇಳಿಕೊಳ್ಳಬೇಕು. ಆ ಯುವತಿಯನ್ನು ಹಾಗೆ ನಿಲ್ಲಿಸಬೇಕೆಂಬ ಯೋಜನೆಯನ್ನು ಮಾಡಿದವರು ಯಾರು? ಎರಡನೆಯ ಹೆಕ್ಟರ್ ಅದನ್ನು ಯೋಚಿಸಿದ್ದಲ್ಲ. ಮೊದಲನೆಯವನಾಗಿದ್ದಾಗ ಕಂಡದ್ದನ್ನು ನೆನಪಿನಿಂದ ನಕಲು ಮಾಡಿದ್ದು. ಮೊದಲನೆಯವನು ಕಂಡದ್ದೋ, ಎರಡನೆಯವನು ಮಾಡಿದ್ದನ್ನೇ. ಉಂಗುರದ ಸುತ್ತ ಬೆರಳಾಡಿಸುತ್ತ ಹೋದರೆ ಯೋಜನೆ ಹುಟ್ಟಿದ ಜಾಗ ಎಲ್ಲಿಯೂ ಸಿಗುವುದಿಲ್ಲ. ಇದನ್ನು ಮೂಲರಹಿತ ಉಂಗುರದ ವಿರೋಧಾಭಾಸ ಎನ್ನಬಹುದು. ಅಜ್ಜನ ಪ್ರಸಂಗದಲ್ಲಿದ್ದಂತೆ ಇಲ್ಲಿ ಒಂದು ಸಂಗತಿ ಇನ್ನೊಂದನ್ನು ಅಲ್ಲಗಳೆಯುವುದಿಲ್ಲ. ಎಲ್ಲವೂ ಒಂದಕ್ಕೊಂದು ಹೊಂದುತ್ತವೆ. ಕೊರತೆಯಿರುವುದು ಕರ್ತೃವಿನದು ಮಾತ್ರ.

ಹೊಣೆ ಯಾರದು?

ವೇದವನ್ನು ಅಪೌರುಷೇಯವೆನ್ನುವ ಪರಂಪರೆ ನಮ್ಮದು. ಕರ್ತೃವಿಲ್ಲದ ಮಾತು ಎಂಬ ಕಲ್ಪನೆ ನಮಗೆ ಹೊಸದಲ್ಲ. ಆದರೆ ಕರ್ತೃವಿಲ್ಲದ ಅಪರಾಧ? ಹೆಕ್ಟರನ ನಡತೆಯಲ್ಲಿ ಗಮನಿಸಬೇಕಾದದ್ದು ಇದು. ‘ಹೀಗೆಯೇ ಆಗಿತ್ತು, ಆದ್ದರಿಂದ ಹೀಗೆಯೇ ಮಾಡಬೇಕು’ ಎಂದು ಅವನು ತನಗೆ ತಾನೇ ಹೇಳಿಕೊಳ್ಳುತ್ತ, ಸಂಜೆಯವರೆಗೆ ಸಾಧುವಾಗಿದ್ದವನು ಕತ್ತಲಾಗುವಷ್ಟರಲ್ಲಿ ಕ್ರೂರಿಯಾಗುತ್ತಾನೆ. ‘ಆಗಿತ್ತು’ ಎಂಬ ಭೂತಕಾಲದ ಕ್ರಿಯಾಪದವನ್ನು ‘ಮಾಡಬೇಕು’ ಎಂಬ ವಿಧಿಯನ್ನಾಗಿ ಅವನು ಓದಿಕೊಂಡದ್ದೇ ಅನರ್ಥಕ್ಕೆ ಮೂಲ. ಲೂಯಿಸರ ವಾದ ಇದಕ್ಕೆ ಆಸರೆ ಕೊಡುವುದಿಲ್ಲ. ಆಗಿಹೋದದ್ದು ಬದಲಾಗದು ಎಂಬ ಮಾತಿನಿಂದ, ಮಾಡಿದವನು ಬಲವಂತಕ್ಕೊಳಗಾಗಿದ್ದ ಎಂಬ ತೀರ್ಮಾನ ಬರುವುದಿಲ್ಲ. ಯೋಜನೆಗೆ ಕರ್ತೃವಿಲ್ಲದಿರಬಹುದು, ಕತ್ತರಿ ಹಿಡಿದ ಕೈಗೆ ಕರ್ತೃವಿದ್ದಾನೆ. ಡಿಕ್ಕಿ ಹೊಡೆದ ವಾಹನದಲ್ಲಿದ್ದವರು ಯಾರೆಂಬುದನ್ನೂ, ಹೆಕ್ಟರ್ ಈ ಉಂಗುರದಿಂದ ಪಾರಾಗಲು ಇನ್ನೆಂಥ ಬೆಲೆ ತೆರುತ್ತಾನೆಂಬುದನ್ನೂ ನಾನು ಇಲ್ಲಿ ಹೇಳುವುದಿಲ್ಲ.

ನೋಡುವ ಕ್ರಮ

ಇಂಥ ಚಿತ್ರಗಳನ್ನು ಬಿಡಿಸಿಕೊಳ್ಳಲು ಲೂಯಿಸರೇ ತೋರಿಸಿದ ಭೇದವೊಂದು ನೆರವಾಗುತ್ತದೆ. ಗೋಡೆಯ ಗಡಿಯಾರದ ಕಾಲ ಒಂದು. ಪಾತ್ರದ ಸ್ವಂತ ಕಾಲ, ಅಂದರೆ ಅವನ ನೆನಪು, ಗಾಯ, ಗಡ್ಡ ಬೆಳೆಯುವ ಕಾಲ ಇನ್ನೊಂದು. ಹಾಳೆಯ ಮೇಲೆ ಮೇಲಿನಿಂದ ಕೆಳಕ್ಕೆ ಗಡಿಯಾರದ ಗಂಟೆಗಳನ್ನು ಬರೆದುಕೊಳ್ಳಿ. ಪಾತ್ರ ಯಂತ್ರದಿಂದ ಹೊರಬಂದಾಗಲೆಲ್ಲ ಹೊಸ ಕಂಬಸಾಲನ್ನು ಆರಂಭಿಸಿ. ಹೆಕ್ಟರನ ಪಟ್ಟಿ ಮೊದಲು ತೋಳಿನಲ್ಲಿ, ಬಳಿಕ ತಲೆಯಲ್ಲಿ ಇರುವಂತೆ, ನಿರ್ದೇಶಕರು ಪ್ರತಿ ಕಂಬಸಾಲಿಗೂ ಒಂದು ಗುರುತು ಕೊಟ್ಟಿರುತ್ತಾರೆ. ಅಡ್ಡಸಾಲಿನಲ್ಲಿ ಓದಿದಾಗ ಒಂದೇ ಗಳಿಗೆಯ ಎರಡು ನೋಟಗಳು ಹೊಂದಿಕೊಂಡರೆ ಅದು ಉಂಗುರ. ಹೊಂದದಿದ್ದರೆ, ಹಿಂದೆ ಹೋದವನ ನೆನಪಿನಲ್ಲಿ ಹಳೆಯ ಸಂಗತಿ ಉಳಿದಿದೆಯೇ, ಹಳೆಯ ಲೋಕ ಬೇರೆಲ್ಲಾದರೂ ಮುಂದುವರಿದಿದೆಯೇ ಎಂದು ನೋಡಿ, ತಿದ್ದುಪಡಿಯೋ ಕವಲೋ ಎಂದು ನಿರ್ಣಯಿಸಬಹುದು. ಒಂದು ಚಿತ್ರ ತಾನು ಆರಿಸಿಕೊಂಡ ಉತ್ತರವನ್ನು ನಡುವೆ ಸುಳಿವಿಲ್ಲದೆ ಬದಲಿಸಿದರೆ ಅದು ದೋಷ. ‘ಬ್ಯಾಕ್ ಟು ದ ಫ್ಯೂಚರ್’ನಲ್ಲಿ ಮಾರ್ಟಿ 1955ರಲ್ಲಿ ಹಾಡುವ ಹಾಡನ್ನು ದೂರವಾಣಿಯಲ್ಲಿ ಚಕ್ ಬೆರಿಗೆ ಕೇಳಿಸಲಾಗುತ್ತದೆ, ಮಾರ್ಟಿಗೆ ಆ ಹಾಡು ತಿಳಿದಿದ್ದುದೇ ಬೆರಿಯಿಂದ. ಬದಲಾಗುವ ಭೂತಕಾಲದ ಚಿತ್ರದೊಳಗೆ ಹೀಗೆ ಒಂದು ಮೂಲರಹಿತ ಉಂಗುರ ನುಸುಳಿದೆ. ಅಲ್ಲಿ ಅದು ಹಾಸ್ಯಕ್ಕೆಂದು ಬಂದುದಾದ್ದರಿಂದ ಮನ್ನಿಸಬಹುದು.

ನಮ್ಮ ನಾಡಿನ ನಂಟು ಬೇಕೆನ್ನುವವರು ಸಿಂಗೀತಂ ಶ್ರೀನಿವಾಸರಾಯರ ತೆಲುಗು ಚಿತ್ರ ‘ಆದಿತ್ಯ 369’ರಿಂದ (1991) ತೊಡಗಬಹುದು, ಅದರ ಯಂತ್ರ ವಿಜಯನಗರದ ಕೃಷ್ಣದೇವರಾಯನ ಕಾಲಕ್ಕೆ ಹೋಗುತ್ತದೆ. ವಿರೋಧಾಭಾಸಕ್ಕಿಂತ ವೈಭವ ಅಲ್ಲಿ ಮುಖ್ಯ. ಬಳಿಕ ಕ್ರಿಸ್ ಮಾರ್ಕರ್‌ರ ಫ್ರೆಂಚ್ ಚಿತ್ರ ‘ಲಾ ಜೆಟೆ’ (1962) ನೋಡಿ. 28 ನಿಮಿಷಗಳ ಆ ಚಿತ್ರ ಹೆಚ್ಚುಕಡಿಮೆ ಪೂರ್ತಿಯಾಗಿ ಸ್ಥಿರಚಿತ್ರಗಳಿಂದ ಆದುದು. ಅದರ ಪ್ರೇರಣೆಯಿಂದ ಬಂದ ‘ಟ್ವೆಲ್ವ್ ಮಂಕೀಸ್’ (1995) ಅದೇ ಉಂಗುರವನ್ನು ಹಿಗ್ಗಿಸುತ್ತದೆ. ಕರ್ತೃವಿನ ಪ್ರಶ್ನೆಯನ್ನು ಕಟ್ಟಕಡೆಯವರೆಗೆ ಒಯ್ದ ಚಿತ್ರ, ಹೈನ್‌ಲೈನ್‌ರ ಸಣ್ಣಕಥೆಯನ್ನು ಆಧರಿಸಿದ ‘ಪ್ರಿಡೆಸ್ಟಿನೇಷನ್’ (2014).

ಎಲ್ಲಕ್ಕೂ ಕೊನೆಗೆ ಶೇನ್ ಕರೂತ್‌ರ ‘ಪ್ರೈಮರ್’ (2004). ಸುಮಾರು 7000 ಡಾಲರ್ ವೆಚ್ಚದಲ್ಲಿ ತಯಾರಾದ, 77 ನಿಮಿಷಗಳ ಈ ಚಿತ್ರದಲ್ಲಿ ಕಾಲಯಂತ್ರವೆಂದರೆ ಒಂದು ಪೆಟ್ಟಿಗೆ. ಬೆಳಗ್ಗೆ ಅದನ್ನು ಚಾಲೂ ಮಾಡಿ, ಸಂಜೆ ಅದರೊಳಗೆ ಹೊಕ್ಕು, ಅಷ್ಟೇ ಗಂಟೆಗಳ ಕಾಲ ಒಳಗೆ ಕುಳಿತರೆ ಬೆಳಗಿನಲ್ಲಿ ಹೊರಬರಬಹುದು. ಪೆಟ್ಟಿಗೆ ಚಾಲೂ ಆದ ಗಳಿಗೆಗಿಂತ ಹಿಂದಕ್ಕೆ ಹೋಗಲಾಗದು. ಈ ಒಂದು ನಿಯಮವನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡತೊಡಗಿ. ಮೊದಲ ನೋಟದಲ್ಲಿ ಅರ್ಧ ಚಿತ್ರವಾದ ಮೇಲೆ ನಿಮ್ಮ ಹಾಳೆಯ ಕಂಬಸಾಲುಗಳು ಸಾಲದೆ ಹೋಗುತ್ತವೆ. ಪೆಟ್ಟಿಗೆಗಳು ಎಷ್ಟು, ಅವುಗಳಲ್ಲಿ ಎಲ್ಲಕ್ಕಿಂತ ಮೊದಲು ಚಾಲೂ ಆದದ್ದು ಯಾವುದು ಎಂಬೆರಡನ್ನು ಎರಡನೆಯ ನೋಟದಲ್ಲಿ ಹುಡುಕಿ. ಉಳಿದ ಗಂಟುಗಳು ಅಲ್ಲಿಂದ ಸಡಿಲಗೊಳ್ಳತೊಡಗುತ್ತವೆ.