ಮೂರು ಲಕ್ಷ ಕಟ್ಟಿದರೆ ನಲವತ್ತೆರಡು ಕಂತು ಕಡಿಮೆ

ಮನೆ ಸಾಲ ಕೊಟ್ಟ ಬ್ಯಾಂಕು ಸಾಲಗಾರರಿಗೆ ಒಂದು ಉದ್ದನೆಯ ಪಟ್ಟಿಯನ್ನೂ ಕೊಡುತ್ತದೆ. ಬ್ಯಾಂಕಿನವರು ಅದನ್ನು ಅಮಾರ್ಟೈಸೇಷನ್ ಶೆಡ್ಯೂಲ್ ಎನ್ನುತ್ತಾರೆ. ಅದರಲ್ಲಿ ಪ್ರತಿ ತಿಂಗಳಿಗೆ ಒಂದು ಸಾಲು ಇರುತ್ತದೆ. ಆ ತಿಂಗಳ ಕಂತು ಎಷ್ಟು, ಅದರಲ್ಲಿ ಬಡ್ಡಿಗೆ ಹೋದದ್ದೆಷ್ಟು, ಅಸಲಿಗೆ ಜಮೆಯಾದದ್ದೆಷ್ಟು, ಇನ್ನೂ ಉಳಿದ ಅಸಲು ಎಷ್ಟು ಎಂಬುದು ಆ ಸಾಲಿನಲ್ಲಿ ಸಿಗುತ್ತದೆ. ಇಪ್ಪತ್ತು ವರ್ಷದ ಸಾಲಕ್ಕೆ 240 ಸಾಲುಗಳು. ನಡುವೆ ಕೈಗೆ ಬಂದ ಹಣವನ್ನು ಸಾಲಕ್ಕೆ ಕಟ್ಟಿದರೆ ಏನಾಗುತ್ತದೆ ಎಂಬುದಕ್ಕೆ ಈ ಪಟ್ಟಿಯಷ್ಟು ಸ್ಪಷ್ಟವಾದ ಉತ್ತರ ಬೇರೆಲ್ಲೂ ಸಿಗುವುದಿಲ್ಲ.

ಪಟ್ಟಿ ಹುಟ್ಟುವ ಬಗೆ ಸರಳ. ಉದಾಹರಣೆಗೆ 30 ಲಕ್ಷ ರೂಪಾಯಿ ಸಾಲ, ವಾರ್ಷಿಕ ಬಡ್ಡಿ ಶೇ. 8.5, ಅವಧಿ 20 ವರ್ಷ ಎಂದುಕೊಂಡರೆ ತಿಂಗಳ ಕಂತು, ಅಂದರೆ ಇಎಂಐ, 26,035 ರೂಪಾಯಿ ಆಗುತ್ತದೆ. ಮೊದಲ ತಿಂಗಳು ಇಡೀ 30 ಲಕ್ಷದ ಮೇಲೆ ಬಡ್ಡಿ ಬೀಳುತ್ತದೆ. ಅದು 21,250 ರೂಪಾಯಿ. ಕಂತಿನಲ್ಲಿ ಉಳಿದ 4,785 ರೂಪಾಯಿ ಮಾತ್ರ ಅಸಲಿಗೆ ಸಲ್ಲುತ್ತದೆ. ಎರಡನೇ ತಿಂಗಳು ಬಾಕಿ ಅಷ್ಟರ ಮಟ್ಟಿಗೆ ಇಳಿದಿರುವುದರಿಂದ ಬಡ್ಡಿ 21,216 ರೂಪಾಯಿಗೆ ಬರುತ್ತದೆ, ಅಸಲಿನ ಪಾಲು 4,819ಕ್ಕೆ ಏರುತ್ತದೆ. ಕಂತು ಬದಲಾಗುವುದಿಲ್ಲ, ಅದರೊಳಗಿನ ಪಾಲು ಮಾತ್ರ ತಿಂಗಳಿಂದ ತಿಂಗಳಿಗೆ ಸರಿಯುತ್ತ ಹೋಗುತ್ತದೆ. ಈ ಸರಿಯುವಿಕೆ ಎಷ್ಟು ನಿಧಾನ ಎಂದರೆ, ಅಸಲಿನ ಪಾಲು ಬಡ್ಡಿಯ ಪಾಲನ್ನು ಮೊದಲ ಬಾರಿ ಮೀರುವುದು 143ನೇ ಕಂತಿನಲ್ಲಿ, ಹತ್ತಿರ ಹತ್ತಿರ ಹನ್ನೆರಡು ವರ್ಷ ಕಟ್ಟಿದ ಮೇಲೆ. ಪಟ್ಟಿ ಮುಗಿಯುವ ಹೊತ್ತಿಗೆ ಕೊಟ್ಟ ಒಟ್ಟು ಬಡ್ಡಿ ಸುಮಾರು 32.5 ಲಕ್ಷ, ಪಡೆದ ಸಾಲಕ್ಕಿಂತ ಹೆಚ್ಚು.

ಮೂರು ವರ್ಷ ಕಳೆದು 36ನೇ ಕಂತು ಕಟ್ಟಿದಾಗ ಸಾಲಗಾರರ ಕೈಯಿಂದ 9 ಲಕ್ಷ 37 ಸಾವಿರ ಹೋಗಿರುತ್ತದೆ. ಅಸಲು ಇಳಿದದ್ದು 2 ಲಕ್ಷ ರೂಪಾಯಿಯೂ ಇಲ್ಲ. ಬಾಕಿ 28,04,580 ರೂಪಾಯಿ, ಕಂತುಗಳು ಇನ್ನೂ 204. ಆಗ 3 ಲಕ್ಷ ರೂಪಾಯಿ ಒಟ್ಟಿಗೆ ಕಟ್ಟಿದರೆ, ಅಂದರೆ ಪಾರ್ಟ್ ಪೇಮೆಂಟ್ ಮಾಡಿದರೆ, ಬಾಕಿ 25,04,580ಕ್ಕೆ ಇಳಿಯುತ್ತದೆ. ಈ ಹಣದಲ್ಲಿ ಒಂದು ರೂಪಾಯಿಯೂ ಬಡ್ಡಿಗೆ ಹೋಗುವುದಿಲ್ಲ, ಎಲ್ಲವೂ ನೇರವಾಗಿ ಅಸಲಿಗೇ ಸಲ್ಲುತ್ತದೆ.

ಈಗ ಮೂಲ ಪಟ್ಟಿಯನ್ನು ತೆರೆದು, 25 ಲಕ್ಷದ ಈ ಬಾಕಿ ಯಾವ ಸಾಲಿನಲ್ಲಿದೆ ಎಂದು ಹುಡುಕಬೇಕು. ಅದು ಸಿಗುವುದು 78ನೇ ಸಾಲಿನಲ್ಲಿ. ಕಂತು 26,035 ರೂಪಾಯಿಯಲ್ಲೇ ಉಳಿದರೆ, ಸಾಲಗಾರರು 36ನೇ ಸಾಲಿನಿಂದ 78ನೇ ಸಾಲಿಗೆ ಹಾರಿದಂತಾಯಿತು. ನಡುವಿನ 42 ಕಂತುಗಳನ್ನು ಕಟ್ಟಬೇಕಾಗಿಯೇ ಇಲ್ಲ. ಆ 42 ಕಂತುಗಳ ಒಟ್ಟು ಮೊತ್ತ ಸುಮಾರು 10.9 ಲಕ್ಷ. ಅದರಲ್ಲಿ ಅಸಲು 3 ಲಕ್ಷ ಮಾತ್ರ, ಮಿಕ್ಕ 7.9 ಲಕ್ಷವೂ ಬಡ್ಡಿ. ಅಸಲನ್ನು ಈಗಲೇ ಕೊಟ್ಟಾಯಿತು, ಬಡ್ಡಿ ಹುಟ್ಟುವ ಮೊದಲೇ ನಿಂತಿತು. ಸಾಲ 204 ತಿಂಗಳ ಬದಲು 162 ಪೂರ್ಣ ಕಂತು ಹಾಗೂ ಕೊನೆಗೆ ಸುಮಾರು 1,500 ರೂಪಾಯಿಯ ಚಿಲ್ಲರೆ ಬಾಕಿಯೊಂದಿಗೆ ತೀರುತ್ತದೆ. ಕಂಪ್ಯೂಟರಿನ ಸ್ಪ್ರೆಡ್‌ಶೀಟಿನಲ್ಲಿ ಈ ಲೆಕ್ಕ ಒಂದೇ ಸಾಲಿನದು:

```
=NPER(8.5%/12,-26035,2504580)
```

ಉತ್ತರ 162.06 ಎಂದು ಬರುತ್ತದೆ. ಬಡ್ಡಿದರ, ಕಂತು, ಬಾಕಿ ಈ ಮೂರರ ಜಾಗದಲ್ಲಿ ತಮ್ಮ ಸಾಲದ ಅಂಕಿ ಹಾಕಿದರೆ ಯಾರಿಗಾದರೂ ತಮ್ಮ ಉತ್ತರ ಸಿಗುತ್ತದೆ.

ಹಾರುವ ಸಾಲುಗಳ ಸಂಖ್ಯೆ ಹಣ ಕಟ್ಟುವ ಕಾಲವನ್ನು ಅವಲಂಬಿಸಿದೆ. ಇದೇ 3 ಲಕ್ಷವನ್ನು ಹತ್ತು ವರ್ಷ ಮುಗಿದ ಮೇಲೆ ಕಟ್ಟಿದರೆ ಸುಮಾರು 25 ಕಂತುಗಳು ಮಾತ್ರ ತಪ್ಪುತ್ತವೆ, ಉಳಿಯುವ ಬಡ್ಡಿ 3.4 ಲಕ್ಷದ ಆಸುಪಾಸು. ಪಟ್ಟಿಯ ಮೇಲ್ಭಾಗದ ಸಾಲುಗಳಲ್ಲಿ ಅಸಲಿನ ಪಾಲು ತೆಳುವಾಗಿರುವುದರಿಂದ ಅಷ್ಟೇ ಹಣ ಹೆಚ್ಚು ಸಾಲುಗಳನ್ನು ದಾಟಿಸುತ್ತದೆ. ಕೆಳಗೆ ಹೋದಂತೆ ಪ್ರತಿ ಸಾಲಿನಲ್ಲೂ ಅಸಲು ದಪ್ಪವಾಗುತ್ತದೆ.

ಅವಧಿಯನ್ನು ಹಾಗೆಯೇ ಇಟ್ಟು ಕಂತನ್ನು ಇಳಿಸುವುದು ಇನ್ನೊಂದು ದಾರಿ. ಮೇಲಿನ ಸಾಲದಲ್ಲಿ 204 ತಿಂಗಳು ಹಾಗೆಯೇ ಉಳಿದು ಕಂತು 23,250 ರೂಪಾಯಿ ಆಗುತ್ತದೆ. ಉಳಿಯುವ ಬಡ್ಡಿ ಸುಮಾರು 2.7 ಲಕ್ಷ. 7.9 ಲಕ್ಷದ ಪಕ್ಕದಲ್ಲಿ ಇದು ಬಹಳ ಚಿಕ್ಕದಾಗಿ ಕಾಣುತ್ತದೆ. ಆದರೆ ಎರಡರಲ್ಲೂ ಬಡ್ಡಿದರ ಒಂದೇ ಎಂಬುದನ್ನು ಮರೆಯಬಾರದು. ಕಂತು ಇಳಿಸಿಕೊಂಡವರ ಕೈಯಲ್ಲಿ ಪ್ರತಿ ತಿಂಗಳು 2,785 ರೂಪಾಯಿ ಉಳಿಯುತ್ತದೆ. ಅವಧಿ ಇಳಿಸಿಕೊಂಡವರು ಅದೇ ಹಣವನ್ನು ಪ್ರತಿ ತಿಂಗಳೂ ಸಾಲಕ್ಕೆ ಕಟ್ಟುತ್ತಲೇ ಹೋಗುತ್ತಾರೆ. ವ್ಯತ್ಯಾಸದ 5 ಲಕ್ಷ ಹುಟ್ಟುವುದು ಅಲ್ಲಿಂದಲೇ. ಹಾಗಾಗಿ ಸಂಬಳ ಸ್ಥಿರವಾಗಿದ್ದು, ಉಳಿದ ಹಣ ಖರ್ಚಾಗಿಹೋಗುವ ಮನೆಗಳಿಗೆ ಅವಧಿ ಇಳಿಸುವುದೇ ಒಳ್ಳೆಯದು. ಆದಾಯ ಏರಿಳಿಯುವವರು ಒಂದು ಮಾತು ಗಮನಿಸಬೇಕು. 3 ಲಕ್ಷ ಕಟ್ಟಿದರೂ ಮುಂದಿನ ತಿಂಗಳ ಹೊರೆ ಒಂದು ರೂಪಾಯಿಯೂ ಇಳಿದಿರುವುದಿಲ್ಲ. ಆಸ್ಪತ್ರೆಯ ಖರ್ಚಿಗೋ ಕೆಲಸ ಹೋದ ಕಾಲಕ್ಕೋ ಬೇಕಾದ ಹಣವನ್ನು ಬದಿಗಿಡದೆ ಇದ್ದುದನ್ನೆಲ್ಲ ಸಾಲಕ್ಕೆ ಸುರಿಯುವುದು ಅಪಾಯದ ಲೆಕ್ಕ.

ಬದಲಾಗುವ ಬಡ್ಡಿದರದ, ಅಂದರೆ ಫ್ಲೋಟಿಂಗ್ ದರದ, ಮನೆ ಸಾಲವನ್ನು ವ್ಯಕ್ತಿಗಳು ಮೊದಲೇ ತೀರಿಸಿದರೆ ದಂಡ ಹಾಕಬಾರದೆಂದು ರಿಸರ್ವ್ ಬ್ಯಾಂಕ್ 2012ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಸ್ಥಿರ ದರದ ಸಾಲಕ್ಕೆ ಶುಲ್ಕ ಇರಬಹುದು, ಅದನ್ನು ಒಪ್ಪಂದದಲ್ಲಿ ನೋಡಿಕೊಳ್ಳಬೇಕು. ಫ್ಲೋಟಿಂಗ್ ದರದಲ್ಲಿ ಬೇರೊಂದು ತೊಡಕಿದೆ. ದರ ಏರಿದಾಗ ಕಂತನ್ನು ಮುಟ್ಟದೆ ಅವಧಿಯನ್ನು ಹಿಗ್ಗಿಸುವುದು ರೂಢಿ. ಮೇಲಿನ 25 ಲಕ್ಷದ ಬಾಕಿಗೆ ದರ ಶೇ. 9.5 ಆದರೆ 162 ಕಂತುಗಳು 182 ಆಗುತ್ತವೆ. ಮೂರು ಲಕ್ಷ ಕೊಟ್ಟು ಕಳೆದುಕೊಂಡ 42 ಕಂತುಗಳಲ್ಲಿ 20 ಸದ್ದಿಲ್ಲದೆ ಮರಳಿ ಬಂದಿರುತ್ತವೆ. 2023ರ ಆಗಸ್ಟ್‌ನಲ್ಲಿ ಹೊರಡಿಸಿದ ಸುತ್ತೋಲೆಯಲ್ಲಿ ರಿಸರ್ವ್ ಬ್ಯಾಂಕ್, ದರ ಬದಲಾದಾಗ ಕಂತು ಏರಿಸಬೇಕೋ ಅವಧಿ ಹಿಗ್ಗಿಸಬೇಕೋ ಎಂಬ ಆಯ್ಕೆಯನ್ನು ಸಾಲಗಾರರಿಗೆ ಕೊಡಬೇಕೆಂದು ಹೇಳಿತು. ಕಟ್ಟಿದ ಅಸಲು ಮತ್ತು ಬಡ್ಡಿ, ಈಗಿನ ಕಂತು, ಉಳಿದ ಕಂತುಗಳ ಸಂಖ್ಯೆ, ಬಡ್ಡಿದರ ಇವುಗಳ ವಿವರವನ್ನು ಮೂರು ತಿಂಗಳಿಗೊಮ್ಮೆ ಒದಗಿಸಬೇಕೆಂದೂ ಹೇಳಿತು.

ಪಾರ್ಟ್ ಪೇಮೆಂಟ್ ಸರಿಯಾಗಿ ಜಮೆಯಾಗಿದೆಯೇ ಎಂದು ತಿಳಿಯಲು ಈ ವಿವರ ಸಾಕು. ಕೆಲವೊಮ್ಮೆ ಕಟ್ಟಿದ ಹಣ ಮುಂದಿನ ಕಂತುಗಳ ಮುಂಗಡವಾಗಿ ಕುಳಿತುಬಿಡುತ್ತದೆ, ಕೆಲವೊಮ್ಮೆ ಕೇಳದೆಯೇ ಕಂತು ಇಳಿದಿರುತ್ತದೆ. ಅಸಲಿಗೆ ಸಂದಿದ್ದರೆ ಗುರುತು ಮುಂದಿನ ತಿಂಗಳೇ ಸಿಗುತ್ತದೆ. ನಮ್ಮ ಉದಾಹರಣೆಯಲ್ಲಿ 37ನೇ ಕಂತಿನ ಬಡ್ಡಿ 19,866 ರೂಪಾಯಿಯ ಬದಲು 17,741 ಇರಬೇಕು. ಇಳಿಯುವ 2,125 ರೂಪಾಯಿ, ಕಟ್ಟಿದ 3 ಲಕ್ಷಕ್ಕೆ ಒಂದು ತಿಂಗಳ ಬಡ್ಡಿ. ಕಂತು 26,035 ರೂಪಾಯಿಯೇ ಇದ್ದು, ಉಳಿದ ಕಂತುಗಳು 163ರ ಹತ್ತಿರ ಇರಬೇಕು. ಬಡ್ಡಿ ಇಳಿಯದೆ ಇದ್ದರೆ ಹಣ ಅಸಲಿಗೆ ಸೇರಿಲ್ಲ. ಬಡ್ಡಿ ಇಳಿದು, ಕಂತುಗಳು ಇನ್ನೂ 200ರ ಮೇಲೆಯೇ ಇದ್ದರೆ ಅವಧಿ ಮೊಟಕಾಗಿಲ್ಲ. ಹಾಗಿದ್ದಾಗ ಶಾಖೆಗೆ ಹೋಗಿ, ಕಂತು ಬದಲಿಸದೆ ಅವಧಿ ಇಳಿಸಬೇಕೆಂದು ಬರವಣಿಗೆಯಲ್ಲಿ ಕೊಟ್ಟು, ಹೊಸ ಪಟ್ಟಿಯನ್ನು ಕೈಗೆ ಪಡೆಯಬೇಕು.