ಗುಡಿ ಅಂಚಿನ ಸೀರೆ: ಹಿಂಬದಿ ನೋಡಿ ಕೊಳ್ಳಿ

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಕಡೆಯವರು ಒಳ್ಳೆಯ ಕೈಮಗ್ಗದ ಸೀರೆ ಬೇಕೆಂದರೆ ಹುಬ್ಬಳ್ಳಿ ಬಸ್ಸು ಹತ್ತುವುದು ರೂಢಿ. ಅಂಗಡಿಯಲ್ಲಿ ಮಡಿಕೆ ಬಿಚ್ಚಿಸಿ, ಅಂಚು ಮಗುಚಿ ನೋಡಿದ ಮೇಲೆಯೇ ದರದ ಮಾತು. ಆನ್‌ಲೈನ್ ಅಂಗಡಿಯಲ್ಲಿ ಸೀರೆ ಕೈಗೆ ಸಿಗುವುದಿಲ್ಲ. ಚಿತ್ರದ ಕೆಳಗಿನ ನಾಲ್ಕು ಸಾಲಿನ ವಿವರಣೆಯೇ ಆಧಾರ. ಆ ಸಾಲುಗಳಲ್ಲಿ ‘ಮನಮೋಹಕ’, ‘ಪಾರಂಪರಿಕ’ ಎಂಬ ಹೊಗಳಿಕೆಗಿಂತ ನೇಯ್ಗೆಯ ವಿಷಯ ಇರಬೇಕು.

ಗುಡಿ ಅಂಚು ಎಂದರೆ ಅಂಚಿನಿಂದ ಒಡಲಿನ ಕಡೆಗೆ ಗೋಪುರದಂತೆ ಮೊನೆಯಾಗಿ ಏಳುವ ತ್ರಿಕೋನಗಳ ಸಾಲು. ಇದನ್ನು ಮೂಡಿಸುವ ಬಗೆ ಹಲವು, ಬೆಲೆಯ ವ್ಯತ್ಯಾಸ ಹುಟ್ಟುವುದೂ ಅಲ್ಲೇ. ಎಲ್ಲಕ್ಕಿಂತ ಕಷ್ಟದ್ದು ಮೂರು ಲಾಳಿಯ ನೇಯ್ಗೆ. ಒಡಲಿಗೆ ಒಂದು ಲಾಳಿ, ಎರಡು ಅಂಚಿಗೆ ಒಂದೊಂದು. ಒಡಲಿನ ಹೊಕ್ಕು ಅಂಚಿನ ಹೊಕ್ಕಿಗೆ ಕೊಕ್ಕೆಯಂತೆ ಸಿಕ್ಕಿಕೊಂಡು ಹಿಂದಿರುಗುತ್ತದೆ. ಹಾಗಾಗಿ ಅಂಚಿಗೆ ಒಡಲಿನ ಬಣ್ಣ ಬೆರೆಯದೆ, ಕೆಂಪು ಅಪ್ಪಟ ಕೆಂಪಾಗಿಯೇ ನಿಲ್ಲುತ್ತದೆ. ಒಂದೇ ಲಾಳಿ ಈ ತುದಿಯಿಂದ ಆ ತುದಿಗೆ ಓಡಿದರೆ ಹಸಿರು ಒಡಲಿನ ನೂಲು ಕೆಂಪು ಅಂಚಿಗೂ ನುಗ್ಗಿ ಬಣ್ಣ ಮಸುಕಾಗುತ್ತದೆ. ಮೂರು ಲಾಳಿಗೆ ನೇಕಾರರ ಪಕ್ಕ ಇನ್ನೊಬ್ಬರು ಕೂರುವುದುಂಟು, ಕೆಲಸವೂ ನಿಧಾನ.

ಎರಡನೆಯ ಬಗೆಯಲ್ಲಿ ಡಾಬಿ ಕಟ್ಟಿ ಹೆಚ್ಚುವರಿ ಹಾಸುನೂಲಿನಿಂದ ಗೋಪುರ ಎತ್ತುತ್ತಾರೆ. ಅದೂ ಕೈಮಗ್ಗದ್ದೇ ಆಗಿರಬಹುದು, ಆದರೆ ಹಿಂಬದಿಯಲ್ಲಿ ನೂಲು ಸಡಿಲವಾಗಿ ತೇಲುತ್ತಿರುತ್ತದೆ, ಕಾಲುಂಗುರಕ್ಕೆ ಸಿಕ್ಕಿ ಎಳೆಯುತ್ತದೆ. ಅಚ್ಚು ಹಾಕಿದ ಅಂಚಾದರೆ ಹಿಂಬದಿ ಪೇಲವವಾಗಿರುತ್ತದೆ.

ನಮ್ಮ ಕಡೆ ಹೆಚ್ಚು ಉಡುವ ಇಳಕಲ್ ಸೀರೆಗೆ ಇನ್ನೊಂದು ವಿಷಯ ಬರೆಯಲೇಬೇಕು. ಅಲ್ಲಿ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿ ಹಾಕಿ ಜೋಡಿಸುತ್ತಾರೆ. ಒಡಲು ಹತ್ತಿಯಾದರೂ ಸೆರಗು ರೇಷ್ಮೆಯದೋ ಕೃತಕ ರೇಷ್ಮೆಯದೋ ಇರುವುದು ಸಾಮಾನ್ಯ. ಅಂಥದ್ದಕ್ಕೆ ‘ಶುದ್ಧ ಹತ್ತಿ’ ಎಂದು ಬರೆಯುವುದು ಸುಳ್ಳು.

ಒಂದು ಒಳ್ಳೆಯ ವಿವರಣೆ ಹೀಗಿರಬಹುದು: “ಕೈಮಗ್ಗದ ಹತ್ತಿ ಸೀರೆ. ಒಡಲು, ಅಂಚು, ಸೆರಗು ಮೂರೂ ಹತ್ತಿ. ಮೂರು ಲಾಳಿಯ ಗುಡಿ ಅಂಚು, ಎರಡೂ ಬದಿ. ಉದ್ದ ಐದೂವರೆ ಮೀಟರ್, ಬ್ಲೌಸ್ ಪೀಸ್ 80 ಸೆಂಟಿಮೀಟರ್ ಬೇರೆ. ಗಂಜಿ ಹಾಕಿದೆ. ಮೊದಲ ಸಲ ತಣ್ಣೀರಲ್ಲಿ ಪ್ರತ್ಯೇಕವಾಗಿ ಒಗೆಯಿರಿ, ಕೆಂಪು ಸ್ವಲ್ಪ ಬಿಡಬಹುದು.” ಕಚ್ಚೆ ಹಾಕಿ ಉಡುವ ಹಿರಿಯರಿಗೆ ಒಂಬತ್ತು ಗಜ, ಅಂದರೆ ಸುಮಾರು 8.2 ಮೀಟರ್ ಬೇಕು; ಆದ್ದರಿಂದ ಉದ್ದ ಬರೆಯದ ವಿವರಣೆಯನ್ನು ನಂಬಿ ಅವರಿಗೆ ಸೀರೆ ತರಿಸಬೇಡಿ. ಗಂಜಿಯ ಮಾತೂ ಸಣ್ಣದಲ್ಲ. ಜೋಯಿಡಾದ ಮಳೆಗಾಲದಲ್ಲಿ ಗಂಜಿ ಸೀರೆಯನ್ನು ಹಾಗೇ ಟ್ರಂಕಿನಲ್ಲಿಟ್ಟರೆ ಬೂಷ್ಟು ಹಿಡಿಯುತ್ತದೆ; ಒಗೆದು ಗಂಜಿ ಬಿಡಿಸಿ, ಪೂರ್ತಿ ಒಣಗಿಸಿ ಇಡಬೇಕು.

ಆರ್ಡರ್ ಮಾಡುವ ಮುನ್ನ ಅಂಚಿನ ಹಿಂಬದಿಯ ಹತ್ತಿರದ ಫೋಟೊ ಕೇಳಿ. ಕಳಿಸಲು ಹಿಂದೇಟು ಹಾಕುವ ಅಂಗಡಿಯಿಂದ ಕೈಮಗ್ಗದ ಬೆಲೆ ಕೊಟ್ಟು ಸೀರೆ ಕೊಳ್ಳಬೇಡಿ.